‘ಸಕ್ಸೆಸ್‌ಫುಲ್ ಕಂಪ್ಲೀಷನ್’ ಎಂದರೆ ಯಾವ ದಿನ? ಒಂದು ಇಂಟರ್ನ್‌ಶಿಪ್ ಒಪ್ಪಂದವನ್ನು ಬಿಡಿಸಿ ಓದಿದಾಗ

ಹತ್ತನೆಯ ತರಗತಿಯವರೆಗೆ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬಳಿಗೆ ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಜನವರಿ 19, ಸೋಮವಾರ ಹಾಜರಾಗಬೇಕು. ಅದಕ್ಕೆ ಒಂದು ವಾರ ಮೊದಲು ಮೇಲ್‌ನಲ್ಲಿ ಆರು ಪುಟದ ಇಂಗ್ಲಿಷ್ ಒಪ್ಪಂದ ಬಂತು. ಎರಡು ದಿನದೊಳಗೆ ಸಹಿ ಮಾಡಿ ಕಳಿಸಬೇಕೆಂಬ ಸೂಚನೆಯೂ ಜೊತೆಗಿತ್ತು. ಅವಳು ಅದನ್ನು ಓದಿ ತೆಗೆದುಕೊಂಡ ಅರ್ಥ ಇಷ್ಟು: ತಿಂಗಳಿಗೆ 15,000 ರೂಪಾಯಿ, ಆರು ತಿಂಗಳಿಗೆ 90,000, ಜುಲೈ ಮಧ್ಯಕ್ಕೆ ಕೆಲಸ ಮುಗಿಯುತ್ತದೆ, ಕಂಪನಿಯ ಗುಟ್ಟು ಹೊರಗೆ ಹೇಳಬಾರದು. ಮೇಲ್ನೋಟಕ್ಕೆ ಇದರಲ್ಲಿ ಸುಳ್ಳೇನಿಲ್ಲ. ಆದರೂ ಹಣ, ಅವಧಿ, ಗೋಪ್ಯತೆ ಈ ಮೂರರಲ್ಲೂ ಅವಳು ಹಿಡಿದ ಅರ್ಥ ತಪ್ಪು. ಏಕೆ ತಪ್ಪೆಂಬುದನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದ ಅಧ್ಯಾಪಕಿ ಅವಳೊಂದಿಗೆ ಕೂತು ಕಲಂ ಕಲಮಾಗಿ ಬಿಡಿಸಿದ ಕ್ರಮವನ್ನೇ ಇಲ್ಲಿ ಹಿಂಬಾಲಿಸಿದ್ದೇವೆ.

ಮೊದಲು ಭಾಷೆಯ ಒಂದು ತೊಡಕು. ಶಾಲೆಯ ವ್ಯಾಕರಣದಲ್ಲಿ ‘ಶಲ್’ ಎಂದರೆ ಭವಿಷ್ಯತ್ ಕಾಲ, ‘ಮೇ’ ಎಂದರೆ ಅನುಮತಿ ಅಥವಾ ಸಾಧ್ಯತೆ. ಒಪ್ಪಂದದಲ್ಲಿ ‘ಶಲ್’ ಬಂದರೆ ಅದು ಕಟ್ಟುಪಾಡು, ಮಾಡಲೇಬೇಕು. ‘ಮೇ’ ಬಂದರೆ ಮನಸ್ಸಿದ್ದರೆ ಮಾಡಬಹುದು, ಮಾಡದಿದ್ದರೆ ಕೇಳುವ ಹಕ್ಕಿಲ್ಲ. ಈ ಆರು ಪುಟದಲ್ಲಿ ವಿದ್ಯಾರ್ಥಿನಿಯ ಹೆಸರಿನ ಮುಂದೆ ಎಲ್ಲ ಕಡೆ ‘ಶಲ್’ ಇತ್ತು, ಕಂಪನಿಯ ಮುಂದೆ ಹೆಚ್ಚಿನ ಕಡೆ ‘ಮೇ’. ಅಧ್ಯಾಪಕಿ ಮೊದಲು ಮಾಡಿಸಿದ ಕೆಲಸವೇ ಎರಡು ಬಣ್ಣದ ಪೆನ್ನಿನಲ್ಲಿ ಇವಕ್ಕೆ ಗೆರೆ ಎಳೆಸಿದ್ದು. ಯಾರು ಯಾವುದಕ್ಕೆ ಬದ್ಧರು ಎಂಬುದು ಅರ್ಥ ಗೊತ್ತಿಲ್ಲದ ಪದಗಳ ನಡುವೆಯೂ ಕಣ್ಣಿಗೆ ಕಾಣಿಸುತ್ತದೆ.

‘ಟರ್ಮ್’ ಎಂಬ ಪದವೂ ಹೀಗೇ ದಾರಿ ತಪ್ಪಿಸುತ್ತದೆ. ‘ಟರ್ಮ್ಸ್’ ಎಂದರೆ ಷರತ್ತುಗಳು. ‘ದ ಟರ್ಮ್’ ಎಂದು ದೊಡ್ಡಕ್ಷರದಲ್ಲಿ ಬರೆದರೆ ಒಪ್ಪಂದದ ಅವಧಿ. ದೊಡ್ಡಕ್ಷರದಿಂದ ಶುರುವಾಗುವ ಯಾವ ಪದಕ್ಕೂ ನಿಘಂಟಿನ ಅರ್ಥ ಹಿಡಿಯಬಾರದು. ಅದರ ಅರ್ಥ ಒಪ್ಪಂದದ ಒಳಗೇ, ಸಾಮಾನ್ಯವಾಗಿ ಮೊದಲ ಪುಟದ ವ್ಯಾಖ್ಯೆಗಳಲ್ಲಿ ಇರುತ್ತದೆ. ಇಲ್ಲಿನ ಅವಧಿಯ ಗೋಜಲು ಹುಟ್ಟಿದ್ದೂ ಅಂಥ ಒಂದು ಪದದಿಂದಲೇ.

ಹದಿನೈದು ಸಾವಿರ ಕೈಗೆ ಬರುವಾಗ

‘ಮೇಡಂ, ತಿಂಗಳಿಗೆ ಹದಿನೈದು ಸಾವಿರ ಅಂತ ಬರೆದಿದ್ದಾರಲ್ಲ?’

‘ಹದಿನೈದು ಸಾವಿರ ಅಂತ ಬರೆದಿಲ್ಲಮ್ಮ. ಅದರ ಹಿಂದೆ ಎರಡು ಪದ ಇದೆ, ಅದನ್ನೂ ಸೇರಿಸಿ ಓದು.’

ಆ ಎರಡು ಪದ ‘ಅಪ್ ಟು’. ಹದಿನೈದು ಸಾವಿರದವರೆಗೆ ಎಂದರ್ಥ. ಎಂಟು ಸಾವಿರ ಕೊಟ್ಟರೂ ಕಂಪನಿ ಮಾತಿಗೆ ತಪ್ಪಿದಂತಾಗದು. ಅದೇ ವಾಕ್ಯದ ಕೊನೆಯಲ್ಲಿ, ಕೆಲಸ ತೃಪ್ತಿಕರವಾಗಿದ್ದರೆ ಮಾತ್ರ ಕೊಡಲಾಗುವುದು, ಅದನ್ನು ಕಂಪನಿ ತನ್ನ ‘ಸೋಲ್ ಡಿಸ್ಕ್ರಿಷನ್’ನಿಂದ ತೀರ್ಮಾನಿಸುವುದು ಎಂದಿತ್ತು. ಸೋಲ್ ಡಿಸ್ಕ್ರಿಷನ್ ಎಂದರೆ ಕಂಪನಿ ಒಂದೇ ಕೂತು ತನ್ನ ಇಷ್ಟದಂತೆ ಮಾಡುವ ತೀರ್ಮಾನ, ಕಾರಣ ಕೊಡಬೇಕಿಲ್ಲ. ಮೊತ್ತವೂ ನಿಗದಿಯಿಲ್ಲ, ಅಳತೆಗೋಲೂ ಇಲ್ಲ ಎಂದಮೇಲೆ ಉಳಿದದ್ದು ಮೇಲಿನ ಮಿತಿ ಮಾತ್ರ.

ಸದ್ಯಕ್ಕೆ ಪೂರ್ತಿ 15,000 ಕೊಡುತ್ತಾರೆಂದೇ ಇಟ್ಟುಕೊಂಡು ಲೆಕ್ಕ ಮುಂದುವರಿಸೋಣ. ಮುಂದಿನ ಉಪಕಲಂ ಪ್ರಕಾರ ಮೊದಲ 30 ದಿನ ತರಬೇತಿ. ಆ ದಿನಗಳಿಗೆ ಸ್ಟೈಪೆಂಡ್, ಅಂದರೆ ಇಂಟರ್ನ್‌ಗೆ ತಿಂಗಳಿಗೆ ಕೊಡುವ ಹಣ, ಇಲ್ಲ. ಆರು ತಿಂಗಳಲ್ಲಿ ಒಂದು ಹೋದರೆ ಐದು, ಅಂದರೆ 75,000. ಅದರ ಕೆಳಗಿನ ಸಾಲು ಪ್ರತಿ ತಿಂಗಳ ಸ್ಟೈಪೆಂಡಿನ ಶೇಕಡಾ 40ನ್ನು ಕಂಪನಿ ತಡೆಹಿಡಿದು, ಇಂಟರ್ನ್‌ಶಿಪ್ ‘ಸಕ್ಸೆಸ್‌ಫುಲ್ ಕಂಪ್ಲೀಷನ್’ ಆದ ಮೇಲೆ ಕೊಡುತ್ತದೆ ಎನ್ನುತ್ತದೆ. ತಿಂಗಳಿಗೆ 6,000 ಹೀಗೆ ನಿಂತಿತು. ಕೊನೆಯಲ್ಲಿ ‘ಲೆಸ್ ಅಪ್ಲಿಕೇಬಲ್ ಟ್ಯಾಕ್ಸಸ್’, ಅನ್ವಯಿಸುವ ತೆರಿಗೆ ಕಳೆದು. ಇಂಟರ್ನ್‌ಗೆ ಕೊಡುವ ಹಣವನ್ನು ಸಂಬಳವೆಂದು ತೋರಿಸದೆ ವೃತ್ತಿಪರ ಶುಲ್ಕವೆಂದು ತೋರಿಸಿ ಶೇಕಡಾ 10 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವ ಕಂಪನಿಗಳು ಬಹಳ. ಈ ಕಂಪನಿಯ ಎಚ್‌ಆರ್ ವಿಭಾಗವೂ ಫೋನಿನಲ್ಲಿ ಅದನ್ನೇ ಹೇಳಿತು. 15,000ಕ್ಕೆ 1,500 ಹೋಯಿತು.

ಒಟ್ಟಿನಲ್ಲಿ 15,000 ಎಂದು ಓದಿದವಳ ಖಾತೆಗೆ ತಿಂಗಳಿಗೆ ಬೀಳುವುದು 7,500. ಐದು ತಿಂಗಳಿಗೆ 37,500. ಕಂಪನಿಯ ಬಳಿ ಉಳಿಯುವುದು 30,000. ತೆರಿಗೆಯಾಗಿ ಹೋದ 7,500 ಮಾತ್ರ ಕಳೆದುಹೋಗುವ ಹಣವಲ್ಲ. ವರ್ಷದ ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಅದಕ್ಕೆ ಎರಡು ವಿಷಯ ಬೇಕು. ಪ್ಯಾನ್ ಸಂಖ್ಯೆಯನ್ನು ಮೊದಲ ದಿನವೇ ಕೊಟ್ಟಿರಬೇಕು, ಇಲ್ಲದಿದ್ದರೆ ಶೇಕಡಾ 20 ಹಿಡಿಯುತ್ತಾರೆ. ಹಿಡಿದ ಹಣವನ್ನು ಕಂಪನಿ ನಿಜವಾಗಿ ಸರ್ಕಾರಕ್ಕೆ ಕಟ್ಟಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತನ್ನ ಪ್ಯಾನ್ ಖಾತೆಯಲ್ಲಿ ಆಗಾಗ ನೋಡಿಕೊಳ್ಳಬೇಕು. ಸ್ಲಿಪ್‌ನಲ್ಲಿ ಕಡಿತ ಕಾಣಿಸಿ ಪೋರ್ಟಲ್‌ನಲ್ಲಿ ಕಾಣಿಸದಿದ್ದರೆ ಆಗಲೇ ಕೇಳುವುದು ಲೇಸು. ಕಂಪನಿ ಬಿಟ್ಟ ಮೇಲೆ ಫೋನ್ ಎತ್ತುವವರು ಕಡಿಮೆ.

ಸ್ಟೈಪೆಂಡಿಗೆ ಕಾನೂನಿನಲ್ಲಿ ಕನಿಷ್ಠ ಮೊತ್ತ ಇಲ್ಲವೇ ಎಂಬ ಪ್ರಶ್ನೆಯನ್ನೂ ಅವಳು ಕೇಳಿದಳು. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತ ಒಪ್ಪಂದವಿದ್ದರೆ ಇದೆ. ಇದು ಅಂಥದಲ್ಲ, ಇಬ್ಬರ ನಡುವಿನ ಖಾಸಗಿ ಕರಾರು. ‘ಇದರಿಂದ ಮಾಲೀಕ–ನೌಕರ ಸಂಬಂಧ ಉಂಟಾಗದು’ ಎಂಬ ಸಾಲೂ ಕೊನೆಯ ಪುಟದಲ್ಲಿದೆ. ಆ ಸಾಲೊಂದೇ ಎಲ್ಲವನ್ನೂ ತೀರ್ಮಾನಿಸದು, ಮಾಡಿಸಿದ ಕೆಲಸದ ಸ್ವರೂಪವನ್ನೂ ನೋಡಲಾಗುತ್ತದೆ. ಆದರೆ ಅದನ್ನು ಸಾಧಿಸಿ ತೋರಿಸುವ ಹೊರೆ ವಿದ್ಯಾರ್ಥಿಯ ಮೇಲೆ ಬೀಳುತ್ತದೆ. ಸಹಿಗೆ ಮೊದಲು ಕಾಗದದ ಮಾತು ಸರಿಪಡಿಸಿಕೊಳ್ಳುವುದು ಆ ಹೊರೆಗಿಂತ ಬಹಳ ಹಗುರ.

ಅವಧಿ: ಎರಡು ಕ್ಯಾಲೆಂಡರ್

ಅವಧಿಯ ಕಲಂನಲ್ಲಿ ‘ಸಿಕ್ಸ್ ಮಂತ್ಸ್ ಫ್ರಮ್ ದ ಎಫೆಕ್ಟಿವ್ ಡೇಟ್’ ಎಂದಿದೆ. ಜನವರಿ 19ರಿಂದ ಆರು ತಿಂಗಳಾದರೆ ಜುಲೈ 18. ಆದರೆ ಎಫೆಕ್ಟಿವ್ ಡೇಟ್ ಎಂಬುದು ದೊಡ್ಡಕ್ಷರದ ಪದ. ವ್ಯಾಖ್ಯೆ ಹುಡುಕಿದರೆ ‘ಈ ಒಪ್ಪಂದವನ್ನು ಪಕ್ಷಕಾರರಲ್ಲಿ ಕೊನೆಯವರು ಎಕ್ಸಿಕ್ಯೂಟ್ ಮಾಡಿದ ದಿನಾಂಕ’. ಎಕ್ಸಿಕ್ಯೂಟ್ ಎಂದರೆ ಇಲ್ಲಿ ಜಾರಿಗೊಳಿಸುವುದಲ್ಲ, ಸಹಿ ಮಾಡುವುದು. ಇಬ್ಬರಲ್ಲಿ ಕೊನೆಗೆ ಸಹಿ ಮಾಡಿದವರ ದಿನಾಂಕವೇ ಲೆಕ್ಕ.

ನಿರ್ದೇಶಕರು ಊರಲ್ಲಿಲ್ಲ, ಫೆಬ್ರವರಿ 2ರಂದು ಬಂದು ಸಹಿ ಮಾಡುತ್ತಾರೆ, ನೀವು 19ಕ್ಕೆ ಬಂದು ಕೆಲಸ ಶುರು ಮಾಡಿ ಎಂದು ಎಚ್‌ಆರ್ ಹೇಳಿತ್ತು. ಕೇಳುವುದಕ್ಕೆ ಸಹಜವಾದ ಮಾತೇ. ಇದನ್ನು ಕಾಗದದ ಮೇಲೆ ಇಟ್ಟು ನೋಡಿದರೆ ಜನವರಿ 19ರಿಂದ ಫೆಬ್ರವರಿ 1ರವರೆಗಿನ 14 ದಿನ ಒಪ್ಪಂದದ ಹೊರಗೆ ಬೀಳುತ್ತವೆ. ಸ್ಟೈಪೆಂಡ್ ಇಲ್ಲದ 30 ದಿನ ಶುರುವಾಗುವುದು ಫೆಬ್ರವರಿ 2ಕ್ಕೆ, ಮುಗಿಯುವುದು ಮಾರ್ಚ್ 3ಕ್ಕೆ. ಹಣ ಹುಟ್ಟುವ ಮೊದಲ ತಿಂಗಳು ಮಾರ್ಚ್ 4ರಿಂದ ಏಪ್ರಿಲ್ 3. ತಿಂಗಳು ಮುಗಿದ 15 ಕೆಲಸದ ದಿನಗಳೊಳಗೆ ಪಾವತಿ ಎಂದಿರುವುದರಿಂದ ಮೊದಲ 7,500 ರೂಪಾಯಿ ಕೈಗೆ ಬರುವುದು ಏಪ್ರಿಲ್ ಕೊನೆಯ ವಾರಕ್ಕೆ. ಜನವರಿಯಲ್ಲಿ ಪಿಜಿಗೆ ಮುಂಗಡ ಕಟ್ಟಿ ಬಂದವಳು ಮೂರು ತಿಂಗಳು ಮನೆಯ ಹಣದಲ್ಲೇ ನಡೆಸಬೇಕು. ಇದು ಯಾರೂ ಮೋಸ ಮಾಡದೆ, ಎಲ್ಲವೂ ಬರೆದಂತೆಯೇ ನಡೆದರೆ ಆಗುವ ಲೆಕ್ಕ. ಕೊನೆಯ ದಿನವೂ ಜುಲೈ 18ರಿಂದ ಆಗಸ್ಟ್ 1ಕ್ಕೆ ಸರಿಯುತ್ತದೆ.

ಎರಡನೆಯ ಕ್ಯಾಲೆಂಡರ್ ಕಾಲೇಜಿನದು. ಈ ಕಾಲೇಜಿನ ಸುತ್ತೋಲೆಯಂತೆ ಕನಿಷ್ಠ 16 ವಾರದ ಇಂಟರ್ನ್‌ಶಿಪ್ ಆಗಿರಬೇಕು, ಜೂನ್ 12ರ ಮೌಲ್ಯಮಾಪನಕ್ಕೆ ಕಂಪನಿಯ ಪತ್ರ ಮತ್ತು ವರದಿ ಎರಡೂ ಬೇಕು. ಜನವರಿ 19ರಿಂದ ಎಣಿಸಿದರೆ 16 ವಾರ ಮೇ 10ಕ್ಕೆ ತುಂಬುತ್ತದೆ. ಕೆಲಸದ ಮಟ್ಟಿಗೆ ತೊಂದರೆಯಿಲ್ಲ. ಆದರೆ ಒಪ್ಪಂದ ಹೇಳುವ ಪ್ರಮಾಣಪತ್ರ ಒಂದೇ, ಅದು ಸಕ್ಸೆಸ್‌ಫುಲ್ ಕಂಪ್ಲೀಷನ್ ಆದ ಮೇಲೆ ಕೊಡುವಂಥದ್ದು. ಅದು ಜುಲೈನಲ್ಲೋ ಆಗಸ್ಟ್‌ನಲ್ಲೋ ಬರುತ್ತದೆ. ಜೂನ್ 12ಕ್ಕೆ ಅವಳ ಕೈ ಖಾಲಿ. ಫೆಬ್ರವರಿ 2ನ್ನೇ ಆರಂಭವೆಂದು ಹಿಡಿದು ಪತ್ರ ಕೊಟ್ಟರೂ 16 ವಾರ ಮೇ 24ಕ್ಕೆ ಮುಗಿಯುತ್ತದೆ, ಉಸಿರಾಡಲು ಮೂರು ವಾರವೂ ಉಳಿಯದು.

ಇದರ ಮೇಲೆ ಅವಧಿ ವಿಸ್ತರಣೆಯ ಸಾಲು: ಕಂಪನಿ ತನ್ನ ಇಷ್ಟದಂತೆ ಮೂರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ‘ಮೇ ಎಕ್ಸ್‌ಟೆಂಡ್’ ಎಂದು ಓದಿದಾಗ ವಿದ್ಯಾರ್ಥಿನಿಗೆ ಅದು ಅನುಕೂಲದಂತೆಯೇ ಕಂಡಿತ್ತು, ಇನ್ನೂ ಮೂರು ತಿಂಗಳ ಕೆಲಸ ಸಿಗಬಹುದಲ್ಲ ಎಂದು. ಸಾಲಿನಲ್ಲಿ ಅವಳ ಒಪ್ಪಿಗೆಯ ಮಾತಿಲ್ಲ. ವಿಸ್ತರಿಸಿದರೆ ಕಂಪ್ಲೀಷನ್ ಎಂಬುದು ನವೆಂಬರ್‌ಗೆ ಹೋಗುತ್ತದೆ, ತಡೆಹಿಡಿದ 30,000 ಅಷ್ಟು ದಿನ ಅಲ್ಲೇ ಇರುತ್ತದೆ. ನಡುವೆ ಬೇರೆಡೆ ಕಾಯಂ ಕೆಲಸ ಸಿಕ್ಕಿ ಬಿಟ್ಟರೆ ಅದು ಸಕ್ಸೆಸ್‌ಫುಲ್ ಕಂಪ್ಲೀಷನ್ ಅಲ್ಲ, ಹಣವೂ ಇಲ್ಲ.

ಬಿಡುವ ಷರತ್ತೂ ಒಂದು ಕಡೆಗೇ ವಾಲಿತ್ತು. ಅವಳು ಬಿಡಬೇಕಾದರೆ 30 ದಿನದ ನೋಟಿಸ್. ಕಂಪನಿ ಯಾವಾಗ ಬೇಕಾದರೂ ನೋಟಿಸ್ ಇಲ್ಲದೆ ಮುಗಿಸಬಹುದು. ಕಂಪನಿಯೇ ಮುಗಿಸಿದರೆ ತಡೆಹಿಡಿದ ಹಣದ ಗತಿಯೇನು ಎಂಬುದಕ್ಕೆ ಒಪ್ಪಂದ ಬಾಯಿಬಿಡುವುದಿಲ್ಲ. ಇಂಥ ಮೌನವನ್ನು ಸಹಿಗೆ ಮೊದಲು ತುಂಬಿಸದಿದ್ದರೆ, ಹಣ ಯಾರ ಕೈಯಲ್ಲಿದೆಯೋ ಅವರೇ ಆಮೇಲೆ ತುಂಬಿಕೊಳ್ಳುತ್ತಾರೆ.

ಗೋಪ್ಯತೆ: ವರದಿ ಬರೆದರೂ ತಪ್ಪು

ಗೋಪ್ಯತೆಯ ಕಲಂ ಒಂದೂವರೆ ಪುಟವಿತ್ತು. ಅವಳು ಅದನ್ನು ಓದದೆ ಬಿಟ್ಟಿದ್ದಳು. ಗುಟ್ಟು ಹೇಳಬಾರದು ಎಂಬುದನ್ನು ತಿಳಿಯಲು ಒಂದೂವರೆ ಪುಟ ಏಕೆ ಎಂಬುದು ಅವಳ ವಾದ. ಕಷ್ಟವಿದ್ದದ್ದು ಗುಟ್ಟು ಎಂದರೇನು ಎಂಬ ವ್ಯಾಖ್ಯೆಯಲ್ಲಿ. ಕಂಪನಿ ಹೇಳಿದ ಅಥವಾ ಇಂಟರ್ನ್ ಯಾವುದೇ ರೀತಿಯಲ್ಲಿ ತಿಳಿದುಕೊಂಡ ಎಲ್ಲ ಮಾಹಿತಿ, ಗೋಪ್ಯ ಎಂದು ಗುರುತು ಹಾಕಿರಲಿ ಬಿಡಲಿ, ಈ ಒಪ್ಪಂದದ ಷರತ್ತುಗಳೂ ಸೇರಿದಂತೆ. ನಡುವೆ ‘ಇನ್‌ಕ್ಲೂಡಿಂಗ್ ಬಟ್ ನಾಟ್ ಲಿಮಿಟೆಡ್ ಟು’ ಎಂದು ಹತ್ತು ಹೆಸರುಗಳ ಪಟ್ಟಿ. ಆ ಪಟ್ಟಿಯಲ್ಲಿ ಇಲ್ಲದ್ದು ಗುಟ್ಟಲ್ಲ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಆ ಪದಗುಚ್ಛದ ಅರ್ಥವೇ ಪಟ್ಟಿ ಉದಾಹರಣೆಗಷ್ಟೇ, ಅದರಾಚೆಗಿನದೂ ಸೇರಿದೆ ಎಂದು.

ಅಕ್ಷರಶಃ ಹಿಡಿದರೆ, ಸಹಿಯಾದ ಮೇಲೆ ತನ್ನ ಸ್ಟೈಪೆಂಡ್ ಎಷ್ಟೆಂದು ಅಪ್ಪನಿಗೆ ಹೇಳುವುದೂ ಉಲ್ಲಂಘನೆ. ಅದಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಕಾಲೇಜಿನ ವರದಿಗೆ. ಏನು ಕೆಲಸ ಮಾಡಿದೆ, ಯಾವ ಸಾಧನ ಬಳಸಿದೆ, ವ್ಯವಸ್ಥೆಯ ರಚನೆ ಹೇಗಿದೆ ಎಂದು ಚಿತ್ರ ಸಮೇತ ಬರೆಯುವುದೇ ವರದಿ. ಅದನ್ನು ಗೈಡ್ ಓದುತ್ತಾರೆ, ಹೊರಗಿನ ಪರೀಕ್ಷಕರು ಓದುತ್ತಾರೆ. ಹಲವರಿಗೆ ಹೊಳೆಯದ ಇನ್ನೊಂದು ಕಿಂಡಿಯೂ ಇದೆ: ಕೃತಿಚೌರ್ಯ ತಪಾಸಣೆಗೆಂದು ಕಾಲೇಜು ವರದಿಯನ್ನು ಹೊರಗಿನ ತಂತ್ರಾಂಶಕ್ಕೆ ಏರಿಸುತ್ತದೆ, ಅಲ್ಲಿ ಪ್ರತಿ ಉಳಿಯಲೂಬಹುದು. ವ್ಯಾಖ್ಯೆಯಂತೆ ಇದು ಮೂರನೆಯವರಿಗೆ ಮಾಹಿತಿ ಕೊಟ್ಟಂತೆ.

ಸಕ್ಸೆಸ್‌ಫುಲ್ ಕಂಪ್ಲೀಷನ್ ಎಂಬ ಎರಡು ಪದ ಇಲ್ಲೂ ಬಂತು. ಗೋಪ್ಯತೆಯ ಕಲಂನ ಕೊನೆಯ ಸಾಲಿನಲ್ಲಿ, ಈ ಕಲಂ ಉಲ್ಲಂಘಿಸಿದ ಇಂಟರ್ನ್ ‘ಸಕ್ಸೆಸ್‌ಫುಲಿ ಕಂಪ್ಲೀಟ್’ ಮಾಡಿದಂತೆ ಆಗದು ಎಂದಿದೆ. ಅಧ್ಯಾಪಕಿ ಮೂರು ಕಲಂಗಳ ನಡುವೆ ಪೆನ್ಸಿಲಿನಲ್ಲಿ ಬಾಣ ಎಳೆದು ತೋರಿಸಿದ್ದು ಇದನ್ನೇ. ಪದವಿಗೆ ವರದಿ ಬರೆಯಲೇಬೇಕು. ಬರೆದರೆ ಗೋಪ್ಯತೆ ಮುರಿಯುತ್ತದೆ. ಮುರಿದರೆ ಕಂಪ್ಲೀಷನ್ ಇಲ್ಲ. ಕಂಪ್ಲೀಷನ್ ಇಲ್ಲದಿದ್ದರೆ 30,000 ಇಲ್ಲ, ಪತ್ರವೂ ಇಲ್ಲ. ಇಷ್ಟೆಲ್ಲ ಭಾರ ಹೊತ್ತ ಆ ಪದಕ್ಕೆ ಮಾತ್ರ ಆರು ಪುಟದಲ್ಲಿ ಎಲ್ಲೂ ವ್ಯಾಖ್ಯೆ ಇರಲಿಲ್ಲ. ಕಂಪನಿ ಬೇಕೆಂದೇ ಹೀಗೆ ಹೆಣೆದಿತ್ತು ಎನ್ನಲಾಗದು. ಬೇರೆ ಬೇರೆ ಮಾದರಿಗಳಿಂದ ಕಲಂಗಳನ್ನು ತಂದು ಅಂಟಿಸಿದಾಗ ಇಂಥ ಗಂಟುಗಳು ತಾವಾಗಿ ಬೀಳುತ್ತವೆ, ಮತ್ತು ಕಂಪನಿಗೂ ಅದು ಗೊತ್ತಿರುವುದಿಲ್ಲ.

ಗೋಪ್ಯತೆ ಎಷ್ಟು ದಿನ? ‘ಶಲ್ ಸರ್ವೈವ್ ಟರ್ಮಿನೇಷನ್’ ಎಂದಷ್ಟೇ ಇತ್ತು. ಒಪ್ಪಂದ ಮುಗಿದ ಮೇಲೂ ಈ ಕಲಂ ಬದುಕಿರುತ್ತದೆ ಎಂದರ್ಥ, ಆದರೆ ಎಷ್ಟು ವರ್ಷ ಎಂದಿಲ್ಲ. ಎರಡರಿಂದ ಐದು ವರ್ಷದ ಮಿತಿ ಹಾಕುವುದು ಸಾಮಾನ್ಯ ರೂಢಿ. ನಿಜವಾದ ವ್ಯಾಪಾರ ರಹಸ್ಯ, ಉದಾಹರಣೆಗೆ ಬೇರಾರಿಗೂ ಗೊತ್ತಿಲ್ಲದ ಲೆಕ್ಕಾಚಾರದ ವಿಧಾನ, ರಹಸ್ಯವಾಗಿ ಉಳಿದಿರುವವರೆಗೂ ಕಾಪಾಡಬೇಕೆಂದು ಕೇಳುವುದು ತಪ್ಪಲ್ಲ. ತಿಂಡಿಯ ವೇಳಾಪಟ್ಟಿಗೂ ಅದೇ ಗಡುವು ಹಾಕುವುದು ತಪ್ಪು. ಯಾವ ಗೋಪ್ಯತೆ ಕಲಂನಲ್ಲೂ ಇರಬೇಕಾದ ವಿನಾಯಿತಿಗಳೂ ಇಲ್ಲಿ ಬಿಟ್ಟುಹೋಗಿದ್ದವು: ಈಗಾಗಲೇ ಬಹಿರಂಗವಾಗಿರುವುದು, ಸೇರುವ ಮೊದಲೇ ತನಗೆ ಗೊತ್ತಿದ್ದದ್ದು, ಬೇರೆ ಸರಿಯಾದ ಮೂಲದಿಂದ ಸಿಕ್ಕಿದ್ದು, ಕಾನೂನಿನಂತೆ ಹೇಳಲೇಬೇಕಾದದ್ದು. ಇವಿಲ್ಲದಿದ್ದರೆ ಮೂರನೆಯ ಸೆಮಿಸ್ಟರಿನಲ್ಲಿ ಕಲಿತ ಡೇಟಾಬೇಸ್ ಪಾಠವೂ, ಕಂಪನಿಯಲ್ಲಿ ಮತ್ತೆ ಕೇಳಿದ್ದರಿಂದ, ಗೋಪ್ಯವಾಗಿಬಿಡುತ್ತದೆ.

ಪ್ರತಿ ಉಲ್ಲಂಘನೆಗೆ 5,00,000 ರೂಪಾಯಿ ‘ಲಿಕ್ವಿಡೇಟೆಡ್ ಡ್ಯಾಮೇಜಸ್’ ಎಂಬ ಸಾಲು ಅವಳನ್ನು ಹೆದರಿಸಿತು. ಇದು ಮೊದಲೇ ಬರೆದಿಟ್ಟ ನಷ್ಟಪರಿಹಾರದ ಮೊತ್ತ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಹೀಗೆ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ಐದು ಲಕ್ಷ ಎಂದು ಬರೆದ ಮಾತ್ರಕ್ಕೆ ಐದು ಲಕ್ಷ ಕೊಡಬೇಕಾಗಿಲ್ಲ. ಆದರೆ ಇದನ್ನು ‘ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲೋದಿಲ್ಲ’ ಎಂದು ಸರಳಮಾಡಿ ಹೇಳುವ ಸೀನಿಯರ್‌ಗಳ ಮಾತು ಕೇಳಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಅದು ಸಾರ್ವಜನಿಕ ವಲಯದ ಬ್ಯಾಂಕ್, ಕಾಯಂ ನೇಮಕಾತಿ; ಇಂಟರ್ನ್‌ಗೆ ಹಾಗೇ ಅನ್ವಯಿಸದು. ಆದರೂ ಬರೆದ ಮೊತ್ತ ಎಂದರೆ ಬರಿಯ ಬೆದರಿಕೆ ಎಂಬ ನಂಬಿಕೆ ಸುಳ್ಳೆಂದು ಅದು ತೋರಿಸುತ್ತದೆ.

ಗೋಪ್ಯತೆಯ ಒಳಗೇ ಅಡಗಿದ್ದ ಇನ್ನೊಂದು ಸಾಲು, ಮುಗಿದ ನಂತರ 12 ತಿಂಗಳು ಪೈಪೋಟಿಯ ಕಂಪನಿಯಲ್ಲಿ ಕೆಲಸ ಮಾಡಕೂಡದು ಎಂಬುದು. ಕರಾರು ಕಾಯ್ದೆಯ 27ನೇ ಕಲಂ ವೃತ್ತಿ ಮಾಡದಂತೆ ತಡೆಯುವ ಒಪ್ಪಂದವನ್ನು ಅಸಿಂಧು ಎನ್ನುತ್ತದೆ. ಅವಧಿಯ ಒಳಗೆ ಬೇರೆಡೆ ದುಡಿಯಬಾರದು ಎನ್ನುವುದು ಸಾಮಾನ್ಯವಾಗಿ ನಿಲ್ಲುತ್ತದೆ, ಅವಧಿ ಮುಗಿದ ಮೇಲಿನ ತಡೆ ನಿಲ್ಲುವುದು ಕಷ್ಟ. ಗುಟ್ಟು ಕಾಪಾಡುವ ಹೊಣೆ ಬೇರೆ, ಕೆಲಸ ಮಾಡಬಾರದೆಂಬ ತಡೆ ಬೇರೆ. ಎರಡನ್ನೂ ಒಂದೇ ಶೀರ್ಷಿಕೆಯಡಿ ಇಟ್ಟರೆ ಓದುವವರಿಗೆ ಎರಡನೆಯದು ಕಾಣಿಸುವುದಿಲ್ಲ, ಅಷ್ಟೆ.

ದಿನನಿತ್ಯದಲ್ಲಿ ಉಲ್ಲಂಘನೆ ನಡೆಯುವುದು ಹೇಗೆ ಎಂಬುದನ್ನೂ ಅಧ್ಯಾಪಕಿ ಹೇಳಿದರು, ಏಕೆಂದರೆ ಯಾರೂ ಗುಟ್ಟು ಮಾರಲು ಹೋಗುವುದಿಲ್ಲ. ರಾತ್ರಿ ಮನೆಯಲ್ಲಿ ಮುಂದುವರಿಸೋಣವೆಂದು ಕೋಡನ್ನು ತನ್ನ ಸ್ವಂತ ಜಿಮೇಲ್‌ಗೆ ಕಳಿಸಿಕೊಳ್ಳುತ್ತಾರೆ. ದೋಷ ಬಂದ ಪರದೆಯ ಚಿತ್ರ ತೆಗೆದು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಅದರಲ್ಲಿ ಗ್ರಾಹಕರ ಹೆಸರಿರುತ್ತದೆ. ಗಿಟ್‌ಹಬ್‌ನಲ್ಲಿ ತನ್ನ ಖಾತೆಯ ಸಾರ್ವಜನಿಕ ಕಡತಕ್ಕೆ ಸೇರಿಸುತ್ತಾರೆ, ಪಾಸ್‌ವರ್ಡ್ ಸಮೇತ. ಆಮೇಲೆ ಅಳಿಸಿದರೂ ಹಳೆಯ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ. ರೆಸ್ಯೂಮೆಯಲ್ಲಿ ‘ಇಂಥ ಬ್ಯಾಂಕಿಗೆ ಮಾಡಿದ ಕೆಲಸ’ ಎಂದು ಬರೆಯುವ ಬದಲು ‘ಬ್ಯಾಂಕಿಂಗ್ ಕ್ಷೇತ್ರದ ಗ್ರಾಹಕರೊಬ್ಬರಿಗೆ’ ಎಂದರೆ ಸಾಕು. ಸ್ವಂತ ಲ್ಯಾಪ್‌ಟಾಪ್ ತರಲು ಹೇಳಿದರೆ ಕಂಪನಿಯ ಕಡತಗಳಿಗೆ ಪ್ರತ್ಯೇಕ ಫೋಲ್ಡರ್ ಇಟ್ಟು, ಕ್ಲೌಡ್ ಬ್ಯಾಕಪ್‌ನಿಂದ ಅದನ್ನು ಹೊರಗಿಡಬೇಕು. ಇಲ್ಲದಿದ್ದರೆ ಕೊನೆಯ ದಿನ ಎಲ್ಲವನ್ನೂ ಅಳಿಸಿದ್ದೇನೆ ಎಂದು ಬರೆದುಕೊಡುವಾಗ ಅದು ಸುಳ್ಳಾಗುತ್ತದೆ.

ಕೇಳಿದ್ದು, ಸಿಕ್ಕಿದ್ದು

ವಿದ್ಯಾರ್ಥಿನಿ ಒಂದೇ ಮೇಲ್ ಬರೆದಳು. ಕಾನೂನಿನ ಕಲಂಗಳನ್ನು ಅದರಲ್ಲಿ ಎತ್ತಲಿಲ್ಲ. ಕೆಲಸ ಶುರುವಾಗುವ ಮೊದಲೇ 27, 74 ಎಂದು ಬರೆದರೆ ಕಡತ ವಕೀಲರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಕಾಲೇಜಿನ ಸುತ್ತೋಲೆಯನ್ನು ಜೊತೆಗಿಟ್ಟು, ಜೂನ್ 12ರ ಮೌಲ್ಯಮಾಪನಕ್ಕೆ ಹೊಂದುವಂತೆ ಕೆಲವು ಬದಲಾವಣೆ ಬೇಕು ಎಂದು ಕೇಳಿದಳು. ಪ್ರತಿ ಬದಲಾವಣೆಗೂ ಇರುವ ವಾಕ್ಯ, ಅದರ ಕೆಳಗೆ ತಾನು ಕೇಳುವ ವಾಕ್ಯ. ‘ದಯವಿಟ್ಟು ಸ್ಟೈಪೆಂಡ್ ವಿಷಯ ಸ್ಪಷ್ಟಪಡಿಸಿ’ ಎಂದು ಬರೆದರೆ ಫೋನಿನಲ್ಲಿ ಬಾಯಿಮಾತಿನ ಭರವಸೆ ಬರುತ್ತದೆ. ಈ ಒಪ್ಪಂದದ ಕೊನೆಯಲ್ಲಿ ‘ಎಂಟೈರ್ ಅಗ್ರಿಮೆಂಟ್’ ಎಂಬ ಕಲಂ ಬೇರೆ ಇತ್ತು. ಈ ಕಾಗದದಲ್ಲಿ ಇರುವುದೇ ಸಂಪೂರ್ಣ ಒಪ್ಪಂದ, ಹಿಂದೆ ಆಡಿದ ಯಾವ ಮಾತೂ ಲೆಕ್ಕಕ್ಕಿಲ್ಲ ಎಂದು ಅದರ ಅರ್ಥ. ಆ ಕಲಂ ಇರುವಾಗ ಫೋನಿನ ಭರವಸೆಗೆ ಬೆಲೆಯಿಲ್ಲ.

ಸ್ಟೈಪೆಂಡಿನಲ್ಲಿ ‘ಅಪ್ ಟು’ ಹೋಗಿ, ತಿಂಗಳಿಗೆ ನಿಗದಿತ 15,000 ಎಂದಾಯಿತು. ಮೊದಲ 30 ದಿನದ ವಿಷಯದಲ್ಲಿ ಕಂಪನಿ ಜಗ್ಗಲಿಲ್ಲ. ಎಲ್ಲ ಇಂಟರ್ನ್‌ಗಳಿಗೂ ಅದೇ ನಿಯಮ ಎಂದಿತು. ಶೇಕಡಾ 40ರ ತಡೆಯ ಬದಲು ಕೊನೆಯ ತಿಂಗಳ 15,000 ಮಾತ್ರ ತಡೆದು, ಮುಗಿದ 30 ದಿನದೊಳಗೆ ಕೊಡುವುದಾಗಿ ಬರೆದರು. ಈಗ ಕೈಗೆ ಬರುವುದು ನಾಲ್ಕು ತಿಂಗಳು ತಲಾ 13,500. ಕೊನೆಯದೂ ಅಷ್ಟೇ, ತಡವಾಗಿ. ಒಟ್ಟು 67,500. ಮೊದಲ ಲೆಕ್ಕದಲ್ಲೂ ಎಲ್ಲ ಬಂದಿದ್ದರೆ ಇಷ್ಟೇ ಆಗುತ್ತಿತ್ತು. ಬದಲಾದದ್ದು ಯಾವಾಗ ಬರುತ್ತದೆ, ಎಷ್ಟು ಹಣ ಅಪಾಯದಲ್ಲಿರುತ್ತದೆ ಎಂಬುದು: 30,000 ಇದ್ದದ್ದು ತೆರಿಗೆ ಕಳೆದು 13,500ಕ್ಕೆ ಇಳಿಯಿತು.

ಎಫೆಕ್ಟಿವ್ ಡೇಟ್ ಯಾರು ಯಾವಾಗ ಸಹಿ ಮಾಡಿದರೂ ಜನವರಿ 19 ಎಂದು ದಿನಾಂಕ ಹಾಕಿಸಿದ್ದು ಎಲ್ಲಕ್ಕಿಂತ ಸುಲಭವಾಗಿ ಆಯಿತು. ಎಚ್‌ಆರ್‌ಗೂ ಅದು ಸಹಜವೆನಿಸಿತ್ತು. ವಿಸ್ತರಣೆಗೆ ಇಬ್ಬರ ಲಿಖಿತ ಒಪ್ಪಿಗೆ ಬೇಕೆಂದಾಯಿತು. ನೋಟಿಸ್ ಎರಡೂ ಕಡೆ 15 ದಿನ. ಕಂಪನಿಯೇ ಮುಗಿಸಿದರೆ ಅಲ್ಲಿಯವರೆಗಿನ ದಿನಗಳಿಗೆ ಪೂರ್ತಿ ಹಣ. ಸಕ್ಸೆಸ್‌ಫುಲ್ ಕಂಪ್ಲೀಷನ್‌ಗೆ ಕೊನೆಗೂ ವ್ಯಾಖ್ಯೆ ಬಂತು: ಜುಲೈ 18ರವರೆಗೆ ಅಥವಾ ನೋಟಿಸ್ ಅವಧಿ ಮುಗಿಯುವವರೆಗೆ ಹಾಜರಿದ್ದು, ಕಂಪನಿಯ ವಸ್ತುಗಳನ್ನು ಮರಳಿಸುವುದು. ಕೆಲಸದ ಗುಣಮಟ್ಟದ ಮಾತು ಅದರಲ್ಲಿಲ್ಲ. ಅದಲ್ಲದೆ ಮೇ 20ರೊಳಗೆ, ಕೆಲಸ ಮಾಡಿದ ಅವಧಿ ಮತ್ತು ಪಾತ್ರ ತಿಳಿಸುವ ಪತ್ರವನ್ನು ಕಂಪನಿ ಕೊಡತಕ್ಕದ್ದು ಎಂಬ ಸಾಲು ಸೇರಿತು, ‘ಶಲ್’ ಸಮೇತ.

ಗೋಪ್ಯತೆಯಲ್ಲಿ ನಾಲ್ಕು ವಿನಾಯಿತಿಗಳು ಬಂದವು, ಅವಧಿ ಮುಗಿದ ಮೇಲೆ ಮೂರು ವರ್ಷ ಎಂಬ ಮಿತಿ ಬಂತು. ವರದಿಗೆ ಒಂದು ದಾರಿಯೂ ಸಿಕ್ಕಿತು. ಕರಡನ್ನು ಕಂಪನಿಯ ಮಾರ್ಗದರ್ಶಕರಿಗೆ ಕೊಡುವುದು, ಅವರು 10 ಕೆಲಸದ ದಿನದೊಳಗೆ ತೆಗೆಯಬೇಕಾದ ಭಾಗ ಹೇಳುವುದು, ಏನೂ ಹೇಳದಿದ್ದರೆ ಒಪ್ಪಿದಂತೆ. ಒಪ್ಪಿದ ವರದಿಯನ್ನು ಕಾಲೇಜಿಗೂ ಅದರ ತಪಾಸಣಾ ತಂತ್ರಾಂಶಕ್ಕೂ ಕೊಡುವುದು ಉಲ್ಲಂಘನೆಯಲ್ಲ. ಈ ಹತ್ತು ದಿನವನ್ನು ಹಿಂದಕ್ಕೆ ಎಣಿಸಿದರೆ, ತಿದ್ದುವುದಕ್ಕೆ ಒಂದು ವಾರ ಇಟ್ಟುಕೊಂಡು, ಕರಡು ಮೇ 20ರ ಹೊತ್ತಿಗೆ ಸಿದ್ಧವಿರಬೇಕು. ಐದು ಲಕ್ಷದ ಸಾಲನ್ನೂ 12 ತಿಂಗಳ ತಡೆಯನ್ನೂ ಕಂಪನಿ ತೆಗೆಯಲಿಲ್ಲ. ಮೊದಲನೆಯದು ಮುಂಚಿನಂತೆ ಎಲ್ಲಕ್ಕೂ ಅಲ್ಲ, ಬೇಕೆಂದೇ ಮಾಡಿದ ಉಲ್ಲಂಘನೆಗೆ ಮಾತ್ರ ಎಂದಾಯಿತು. ಎರಡನೆಯದನ್ನು ಹಾಗೇ ಬಿಟ್ಟು ಸಹಿ ಮಾಡಬಹುದೆಂಬುದು ಅಧ್ಯಾಪಕಿಯ ತೀರ್ಮಾನ. 27ನೇ ಕಲಂ ಇರುವಾಗ ಅದಕ್ಕಾಗಿ ಇಂಟರ್ನ್‌ಶಿಪ್ ಕಳೆದುಕೊಳ್ಳುವುದು ಬೇಡ ಎಂದರು.

ಜನವರಿ 16ರಂದು ಮೊಬೈಲಿಗೆ ಇ-ಸಹಿಯ ಕೊಂಡಿ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹೀಗೆ ವಿದ್ಯುನ್ಮಾನವಾಗಿ ಮಾಡಿದ ಒಪ್ಪಂದಕ್ಕೂ ಕಾಗದದ ಒಪ್ಪಂದದಷ್ಟೇ ಬೆಲೆಯಿದೆ, ಬೆರಳು ಒತ್ತಿದರೆ ಸಹಿ ಬಿದ್ದಂತೆ. ಒತ್ತುವ ಮೊದಲು ಅವಳು ಆ ಪಿಡಿಎಫ್ ಇಳಿಸಿಕೊಂಡು, ಹುಡುಕುವ ಪೆಟ್ಟಿಗೆಯಲ್ಲಿ ಮೂರು ಪದ ಟೈಪ್ ಮಾಡಿದಳು: `up to`, `Effective Date`, `survive`. ಮೊದಲನೆಯದಕ್ಕೇ ಸ್ಟೈಪೆಂಡಿನ ಸಾಲು ಹಳದಿಯಾಗಿ ಎದ್ದು ನಿಂತಿತು. ಕಂಪನಿಯವರು ಕೊಂಡಿಗೆ ಹಳೆಯ ಕರಡನ್ನೇ ಏರಿಸಿದ್ದರು. ತಿಳಿಸಿದ ಅರ್ಧ ಗಂಟೆಯಲ್ಲಿ ಸರಿಯಾದ ಕಡತ ಬಂತು. ಅದರಲ್ಲೂ ಅದೇ ಮೂರು ಪದ ಹುಡುಕಿ ನೋಡಿ ಸಹಿ ಮಾಡಿದಳು. ನಿರ್ದೇಶಕರ ಸಹಿ ಬಿದ್ದ ಪ್ರತಿ ಫೆಬ್ರವರಿ 4ಕ್ಕೆ ಅವಳ ಮೇಲ್‌ಗೆ ಬಂತು, ಎರಡು ಸಲ ನೆನಪಿಸಿದ ಮೇಲೆ.